ಬೇಡವೆಂದವರಿಗೆ ಮತ್ತೆ ಪತ್ರವೇಕೆ?

ಮಾದನಾಯಕನಹಳ್ಳಿಯಲ್ಲಿ ಬಿಡಿಭಾಗಗಳ ಕಾರ್ಖಾನೆಯೊಂದಿದೆ ಎಂದು ಭಾವಿಸಿ. ಗ್ರಾಹಕರ ವಿವರವೆಲ್ಲ ಸಿಆರ್‌ಎಂ ಎಂಬ ಕಂಪ್ಯೂಟರ್ ದಾಖಲೆಯಲ್ಲಿದೆ. ಇಮೇಲ್ ಪಟ್ಟಿ ಬೇರೆ. ಪ್ರತಿ ರಾತ್ರಿ 2 ಗಂಟೆಗೆ ಎರಡನ್ನೂ ತಾಳೆ ನೋಡಲಾಗುತ್ತದೆ.

ಗ್ರಾಹಕರೊಬ್ಬರು 'ಇಮೇಲ್ ಬೇಡ' ಎಂದರು. ಪಟ್ಟಿಯಿಂದ ಅವರ ಹೆಸರನ್ನು ಅಳಿಸಿದರೆ ಏನಾಗುತ್ತದೆ ಗೊತ್ತೇ? ಸಿಆರ್‌ಎಂನಲ್ಲಿ ಹೆಸರು ಉಳಿದಿರುವುದರಿಂದ, ಕಂಪ್ಯೂಟರ್ ಅವರನ್ನು ಹೊಸಬರೆಂದು ತಿಳಿದು ರಾತ್ರಿ ಮತ್ತೆ ಸೇರಿಸುತ್ತದೆ! ಆದ್ದರಿಂದ ಅಳಿಸದೆ 'ಬೇಡ' ಎಂದು ಗುರುತು ಹಾಕಬೇಕು. ಮೊದಲು ಗುರುತುಗಳು ಪಟ್ಟಿಯಿಂದ ಸಿಆರ್‌ಎಂಗೆ ಬರಬೇಕು. ಆನಂತರವೇ ಗುರುತಿಲ್ಲದ ವಿಳಾಸಗಳು ಪಟ್ಟಿಗೆ ಹೋಗಬೇಕು.

ಹಿಂದಿರುಗಿದ ಪತ್ರಗಳಲ್ಲೂ ಭೇದವುಂಟು. 5.1.1 ಎಂಬ ಸಂಕೇತ ಬಂದರೆ ಅಂಥ ವಿಳಾಸವೇ ಇಲ್ಲವೆಂದರ್ಥ. ಕೂಡಲೇ ಗುರುತು ಹಾಕಿ ನಿಲ್ಲಿಸಿ. 452 ಎಂದರೆ ಸದ್ಯಕ್ಕೆ ಜಾಗವಿಲ್ಲ, ಮತ್ತೆ ಪ್ರಯತ್ನಿಸಬಹುದು. ಬೆಳಿಗ್ಗೆ ಎರಡೂ ಕಡೆಯ ಗುರುತುಗಳನ್ನು ಎಣಿಸಿ. ಲೆಕ್ಕ ಹೊಂದದಿದ್ದರೆ, ಆ ದಿನದ ಪತ್ರಗಳನ್ನು ತಡೆಹಿಡಿಯಿರಿ.