ಕನ್ಸಲ್ಟೆನ್ಸಿ ಯಾರ ಪರ?

ಖಾಸಗಿ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗೆ ಹಣ ಕೊಡುವುದು ಕಂಪನಿ, ಅಭ್ಯರ್ಥಿಯಲ್ಲ. ಕಾಯಂ ಹುದ್ದೆಯಾದರೆ ಶುಲ್ಕವನ್ನು ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇಕಡಾವಾರು ಲೆಕ್ಕದಲ್ಲಿ ಕಟ್ಟುತ್ತಾರೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ದರ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಸುಲಭಕ್ಕೆ ಜನ ಸಿಗದ ಹುದ್ದೆಗಳಿಗೆ ದರ ಇದಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲಷ್ಟೇ ಈ ಹಣ ಸಿಗುತ್ತದೆ. ಹತ್ತು ಜನರನ್ನು ಸಂದರ್ಶನಕ್ಕೆ ಕಳಿಸಿ ಒಬ್ಬರೂ ಸೇರದಿದ್ದರೆ ಅಷ್ಟು ದಿನದ ಓಡಾಟಕ್ಕೆ ಬಿಡಿಗಾಸೂ ಇಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟರ್ ಒಬ್ಬರಿಗೆ ವರ್ಷಕ್ಕೆ 12 ಲಕ್ಷ ರೂಪಾಯಿಯ ಕೆಲಸ ಕುದುರಿದೆ ಎಂದುಕೊಳ್ಳೋಣ. ಕನ್ಸಲ್ಟೆನ್ಸಿಗೆ ಬರುವುದು ಹತ್ತಿರ ಹತ್ತಿರ 1 ಲಕ್ಷ. ಅಭ್ಯರ್ಥಿ ಇನ್ನೂ 50,000 ಬೇಕೆಂದು ಪಟ್ಟು ಹಿಡಿದು ಗೆದ್ದರೆ ಕನ್ಸಲ್ಟೆನ್ಸಿಗೆ ಸಿಗುವ ಹೆಚ್ಚುವರಿ ಸುಮಾರು 4,165 ರೂಪಾಯಿ. ಬೇಸತ್ತ ಕಂಪನಿ ಬೇರೊಬ್ಬರನ್ನು ಆರಿಸಿಕೊಂಡರೆ ಆ 1 ಲಕ್ಷವೂ ಹೋಯಿತು. ‘ಒಳ್ಳೆ ಆಫರ್, ಒಪ್ಪಿಕೊಂಡುಬಿಡಿ’ ಎಂಬ ಸಲಹೆ ಬರುವುದು ಈ ಲೆಕ್ಕದಿಂದ. ಅದರಲ್ಲಿ ಮೋಸವೇನೂ ಇಲ್ಲ, ಆದರೆ ಅದನ್ನು ಅಭ್ಯರ್ಥಿಯ ಪರ ವಕಾಲತ್ತು ಎಂದು ತಿಳಿಯಬೇಕಾಗಿಲ್ಲ. ಸೇರಿದವರು ಮೂರು ತಿಂಗಳೊಳಗೆ ಬಿಟ್ಟರೆ ಬೇರೊಬ್ಬರನ್ನು ಉಚಿತವಾಗಿ ಹುಡುಕಿಕೊಡಬೇಕೆಂಬ ಷರತ್ತೂ ಅನೇಕ ಒಪ್ಪಂದಗಳಲ್ಲಿರುತ್ತದೆ. ನೋಟಿಸ್ ಪಿರಿಯಡ್‌ನಲ್ಲೂ ಸೇರಿದ ಹೊಸದರಲ್ಲೂ ‘ಎಲ್ಲ ಚೆನ್ನಾಗಿದೆ ತಾನೆ?’ ಎಂಬ ಕರೆಗಳು ಬಂದು, ಆಮೇಲೆ ಫೋನು ತಣ್ಣಗಾಗುವುದಕ್ಕೆ ಇದೇ ಕಾರಣ.

ಕಾಂಟ್ರಾಕ್ಟ್ ಕೆಲಸದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ನೌಕರ ಕನ್ಸಲ್ಟೆನ್ಸಿಯ ಪೇರೋಲ್‌ನಲ್ಲಿದ್ದು ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಕಂಪನಿ ತಿಂಗಳಿಗೆ ಇಷ್ಟೆಂದು ಕನ್ಸಲ್ಟೆನ್ಸಿಗೆ ಕೊಡುತ್ತದೆ. ಸಂಬಳ, ಪಿಎಫ್ ಮುಂತಾದವು ಕಳೆದು ಉಳಿದದ್ದು ಕನ್ಸಲ್ಟೆನ್ಸಿಯ ಲಾಭ. ಕಂಪನಿ ಕೊಡುವ ಮೊತ್ತ ಮೊದಲೇ ನಿಗದಿಯಾಗಿದ್ದರೆ ಅಭ್ಯರ್ಥಿ ಕಡಿಮೆಗೆ ಒಪ್ಪಿದಷ್ಟೂ ಆ ಲಾಭ ಹೆಚ್ಚು. ಹಾಗಾಗಿ ಹುದ್ದೆ ಯಾರ ಪೇರೋಲ್‌ನಲ್ಲಿ ಎಂಬುದನ್ನು ಮೊದಲ ಕರೆಯಲ್ಲೇ ಕೇಳಿಕೊಳ್ಳಬೇಕು. ಸಂಬಳದ ಮಾತನ್ನು ಎಷ್ಟು ಬಿಗಿಯಾಗಿ ಆಡಬೇಕೆಂಬುದು ಅದರ ಮೇಲೆ ನಿಂತಿದೆ.

ಅಭ್ಯರ್ಥಿಗಳು ಅರಿಯದೆಯೇ ಅವಕಾಶ ಕಳೆದುಕೊಳ್ಳುವುದು ರೆಸ್ಯೂಮೆ ಎರಡು ಕಡೆಯಿಂದ ಹೋದಾಗ. ದೊಡ್ಡ ಕಂಪನಿಗಳ ನೇಮಕಾತಿ ತಂತ್ರಾಂಶ ಫೋನ್ ನಂಬರ್, ಇಮೇಲ್ ನೋಡಿ ನಕಲನ್ನು ಪತ್ತೆಹಚ್ಚುತ್ತದೆ. ಸಾಮಾನ್ಯವಾಗಿ ಮೊದಲು ಕಳಿಸಿದ ಕನ್ಸಲ್ಟೆನ್ಸಿಗೇ ಶುಲ್ಕದ ಹಕ್ಕು, ಅದೂ ಕೆಲವು ತಿಂಗಳ ಕಾಲ. ನಮ್ಮ ಟೆಸ್ಟರ್ ಒಬ್ಬ ಕನ್ಸಲ್ಟೆಂಟ್‌ಗೆ ‘ಎಲ್ಲಿಗಾದರೂ ಕಳಿಸಿ ಸರ್’ ಎಂದಿರುತ್ತಾರೆ. ವಾರದ ನಂತರ ಇನ್ನೊಬ್ಬರು ಅದೇ ಕಂಪನಿಗೆ ಅದೇ ರೆಸ್ಯೂಮೆ ಕಳಿಸುತ್ತಾರೆ. ಶುಲ್ಕ ಯಾರಿಗೆ ಎಂಬ ತಕರಾರು ಬೇಡವೆಂದು ಎಚ್‌ಆರ್ ವಿಭಾಗ ಆ ಹೆಸರನ್ನೇ ಬದಿಗಿಡಬಹುದು. ಅಲ್ಲಿ ಕೆಲಸ ಮಾಡುವ ಗೆಳೆಯರ ಶಿಫಾರಸು ಸಿಗುವಂತಿದ್ದರೂ ಮೊದಲೇ ರೆಸ್ಯೂಮೆ ಹೋಗಿದ್ದರೆ ಆ ದಾರಿಯೂ ಮುಚ್ಚಬಹುದು. ಆದ್ದರಿಂದ ಕಂಪನಿಯ ಹೆಸರು ತಿಳಿಯದೆ ಒಪ್ಪಿಗೆ ಕೊಡಬಾರದು. ಗೋಪ್ಯತೆಯ ಕಾರಣಕ್ಕೆ ಶುರುವಿನಲ್ಲಿ ಹೆಸರು ಹೇಳದಿರುವುದುಂಟು, ಆದರೆ ರೆಸ್ಯೂಮೆ ಕಳಿಸುವ ಮುನ್ನ ಹೇಳಲೇಬೇಕು. ‘ಈ ಕಂಪನಿಯ ಈ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಕಳಿಸಬಹುದು’ ಎಂದು ತಾರೀಖಿನ ಸಮೇತ ಇಮೇಲ್ ಮಾಡಿದರೆ ಮುಂದೆ ಜಗಳ ಬಂದಾಗ ದಾಖಲೆ ಇರುತ್ತದೆ.

ಕೆಲವು ವಿವರಗಳನ್ನು ಮುಚ್ಚಿಡುವುದರಿಂದ ನಷ್ಟವೇ ಹೆಚ್ಚು. ನೋಟಿಸ್ ಪಿರಿಯಡ್, ಕೈಯಲ್ಲಿರುವ ಬೇರೆ ಆಫರ್, ಊರು ಬದಲಿಸಲು ಆಗದಿರುವುದು ಇವೆಲ್ಲ ನಿಜವೇ ಇರಲಿ. ಈಗಿನ ಸಂಬಳ ಹೇಳುವುದಾದರೆ ಉಬ್ಬಿಸಬಾರದು, ಪೇಸ್ಲಿಪ್ ಕೇಳಿದ ದಿನ ಬಯಲಾಗುತ್ತದೆ. ಖಚಿತವಾಗಿ ಸಿಗುವುದೆಷ್ಟು, ಬೋನಸ್ ಎಷ್ಟು ಎಂದು ಬಿಡಿಸಿ ಹೇಳಿದರೆ ಒಳ್ಳೆಯದು. ‘ಬೇರೆ ಎಲ್ಲೆಲ್ಲಿ ಸಂದರ್ಶನ ನಡೀತಿದೆ?’ ಎಂಬ ಪ್ರಶ್ನೆಗೆ ಮಾತ್ರ ಕಂಪನಿಗಳ ಹೆಸರು ಬೇಕಿಲ್ಲ. ಅಲ್ಲಿ ಹುದ್ದೆ ಖಾಲಿ ಇದೆಯೆಂಬ ಸುದ್ದಿ ಸಿಕ್ಕರೆ ಅದೇ ಕನ್ಸಲ್ಟೆನ್ಸಿ ಬೇರೆ ಅಭ್ಯರ್ಥಿಗಳನ್ನು ಕಳಿಸಬಹುದು. ‘ಎರಡು ಕಡೆ ಕೊನೆಯ ಸುತ್ತಿನಲ್ಲಿದ್ದೇನೆ’ ಎಂದರೆ ಸಾಕು. ಹಳೆಯ ಮ್ಯಾನೇಜರ್‌ಗಳ ಫೋನ್ ನಂಬರನ್ನೂ ಆಯ್ಕೆ ಖಚಿತವಾದ ಮೇಲೆ ಕೊಟ್ಟರಾಯಿತು.

ದಾಖಲೆಗಳ ವಿಷಯದಲ್ಲಿ ಹಂತ ನೋಡಬೇಕು. ರೆಸ್ಯೂಮೆ ಕಳಿಸಲು ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಯಾವುದೂ ಬೇಡ. ಪೇಸ್ಲಿಪ್ ಕಳಿಸಲೇಬೇಕಾದರೆ ಖಾತೆ, ಪ್ಯಾನ್, ಯುಎಎನ್ ಸಂಖ್ಯೆಗಳನ್ನು ಮಸುಕು ಮಾಡಬಹುದು. ಆಧಾರ್ ಬೇಕಾದಾಗ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿ ಯುಐಡಿಎಐ ಜಾಲತಾಣದಲ್ಲೇ ಸಿಗುತ್ತದೆ. ಮೂಲ ಅಂಕಪಟ್ಟಿ ಯಾರ ಕೈಗೂ ಒಪ್ಪಿಸುವಂಥದ್ದಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ಅಭ್ಯರ್ಥಿಯಿಂದಲೇ ಹಣ ಕೇಳುವವರ ಮಾತನ್ನು ಅಲ್ಲಿಗೇ ನಿಲ್ಲಿಸಿ, ಹೇಳಿದ ಹುದ್ದೆ ಕಂಪನಿಯ ಸ್ವಂತ ಜಾಲತಾಣದಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲಿರುವ ವಿಳಾಸಕ್ಕೇ ಬರೆದು ವಿಚಾರಿಸಬಹುದು.