ಸಿರಿಂಜಿನ ಜೆಸಿಬಿ ಯಾಕೆ ಕೈಕೊಟ್ಟಿತು?

ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನ ಅಂದಮೇಲೆ ಸಿರಿಂಜಿನ ಜೆಸಿಬಿ ಇಲ್ಲದೆ ಇರುತ್ತದೆಯೇ? ರಟ್ಟಿನ ತೋಳು, ಸಲೈನ್ ಪೈಪು, ಬಣ್ಣದ ನೀರು. ಒಂದು ಸಿರಿಂಜ್ ಒತ್ತಿದರೆ ಇನ್ನೊಂದರ ಹಿಡಿ ಹೊರಬಂದು ತೋಳು ಮೇಲೇಳುತ್ತದೆ. ವಿಜ್ಞಾನದ ಟೀಚರೊಬ್ಬರು ತಮ್ಮ ಒಂಬತ್ತನೇ ತರಗತಿಯ ಮಕ್ಕಳ ಜೆಸಿಬಿಯ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವುದಕ್ಕೆ ಕಾರಣ ಅದು ಚೆನ್ನಾಗಿ ಓಡಿತೆಂದಲ್ಲ, ಓಡದಿದ್ದಾಗ ಮಕ್ಕಳೇ ಕಾರಣ ಹುಡುಕಿದರೆಂದು.

ಹಿಡಿ ಒತ್ತಿದರೂ ತೋಳು ಮೊದಲು ಅಲುಗಲಿಲ್ಲ, ಆಮೇಲೆ ಒಮ್ಮೆಲೇ ಜಿಗಿಯಿತು. ಟೀಚರ್ ಉತ್ತರ ಹೇಳದೆ ಎರಡು ಸಿರಿಂಜ್ ಕೈಗಿಟ್ಟರು. ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ನೀರು. ಮೂತಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಗಾಳಿಯದು ಅರ್ಧದವರೆಗೂ ಒಳಹೋಗಿ, ಕೈಬಿಟ್ಟಾಗ ಹಿಂದಕ್ಕೆ ಚಿಮ್ಮುತ್ತದೆ. ನೀರಿನದು ಜಪ್ಪಯ್ಯ ಅನ್ನುವುದಿಲ್ಲ. ಪೈಪನ್ನು ಬೆಳಕಿಗೆ ಹಿಡಿದಾಗ ಗುಳ್ಳೆ ಕಂಡಿತು. ಒತ್ತಿದಂತೆಲ್ಲ ಅದು ಕುಗ್ಗುತ್ತಿತ್ತು. ನೀರಿಗೆ ಬಣ್ಣ ಹಾಕುವುದು ಬರೀ ಚೆಂದಕ್ಕಲ್ಲ ಎಂಬುದೂ ಅಲ್ಲಿಗೆ ಗೊತ್ತಾಯಿತು. ಸಿರಿಂಜ್, ಪೈಪು ಎರಡನ್ನೂ ಬಕೆಟ್ಟಿನ ನೀರೊಳಗೆ ಮುಳುಗಿಸಿಯೇ ಜೋಡಿಸಿದ ಮೇಲೆ ತೋಳು ಸರಾಗವಾಗಿ ಎದ್ದಿತು.

ಗ್ಯಾರೇಜಿನಲ್ಲಿ ಅಪ್ಪನಿಗೆ ಕೈಜೋಡಿಸುವ ಹುಡುಗನಿಗೆ ಇದು ಹೊಸದೇನಾಗಿರಲಿಲ್ಲ. ಬೈಕಿನ ಡಿಸ್ಕ್ ಬ್ರೇಕಿನ ಲೈನಿಗೆ ಏರ್ ಹೊಕ್ಕರೆ ಲಿವರ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ, ಏರ್ ತೆಗೆಯಬೇಕು ಎಂದು ಅವನೇ ಉಳಿದವರಿಗೆ ಹೇಳಿಕೊಟ್ಟ.

ಮುಂದಿನ ಪ್ರಶ್ನೆ ಬಲದ್ದು. ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂಬ ಪಾಸ್ಕಲನ ನಿಯಮ ಪಾಠದಲ್ಲಿತ್ತು. ಮಕ್ಕಳು 5 ಎಂಎಲ್ ಸಿರಿಂಜಿಗೆ 20 ಎಂಎಲ್‌ನದನ್ನು ಜೋಡಿಸಿ ಸ್ಕೇಲ್ ಹಿಡಿದರು. ಚಿಕ್ಕದನ್ನು ಸುಮಾರು 4 ಸೆಂಟಿಮೀಟರ್ ಒತ್ತಿದರೆ ದೊಡ್ಡದು ಏರಿದ್ದು ಒಂದೂವರೆ ಸೆಂಟಿಮೀಟರಿಗಿಂತ ಚೂರು ಹೆಚ್ಚು. ಚಲನೆ ಎಷ್ಟು ಪಾಲು ಕಡಿಮೆಯಾಯಿತೋ ಬಲ ಅಷ್ಟು ಪಾಲು ಹೆಚ್ಚಬೇಕು, ಅಂದರೆ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಬಲ ಪುಕ್ಕಟೆ ಬರುವುದಿಲ್ಲ, ದೂರದಲ್ಲಿ ಬೆಲೆ ತೆರಬೇಕು.

ಲೆಕ್ಕ ಸರಿ, ತೂಕ ಹೊಂದಲಿಲ್ಲ. ಚಿಕ್ಕದರ ಮೇಲೆ ಒಂದು ಲೀಟರ್ ನೀರಿನ ಬಾಟಲಿ, ಅಂದರೆ ಒಂದು ಕಿಲೋ ಇಟ್ಟರೆ ದೊಡ್ಡದು ಎರಡೂವರೆ ಕಿಲೋ ತಾಳಬೇಕಿತ್ತಲ್ಲ? ಒಂದೂವರೆ ಕಿಲೋ ಎತ್ತುವುದಕ್ಕೂ ಅದು ತಿಣುಕಾಡಿತು. ಹಿಡಿಯ ತುದಿಯ ರಬ್ಬರ್ ಗೋಡೆಗೆ ಉಜ್ಜಿ ಬಲ ನುಂಗುತ್ತಿತ್ತು. ಒಬ್ಬಳು ಕೊಬ್ಬರಿ ಎಣ್ಣೆ ಸವರೋಣ ಎಂದಳು. ಎಣ್ಣೆಗೆ ರಬ್ಬರ್ ಉಬ್ಬಿ ಇನ್ನಷ್ಟು ಬಿಗಿಯಾದೀತೆಂದು ಟೀಚರ್ ಬೇಡವೆಂದರು. ಗ್ಲಿಸರಿನ್ ಆದರೆ ಆದೀತು.

ಘರ್ಷಣೆ ಎಷ್ಟೆಂದು ಅಳೆಯುವ ದಾರಿಯನ್ನೂ ಮಕ್ಕಳೇ ಕಂಡುಕೊಂಡಿದ್ದಾರೆ. ಒಂದೇ ಅಳತೆಯ ಎರಡು ಸಿರಿಂಜ್ ಜೋಡಿಸಿ, ಎರಡರ ಮೇಲೂ ಸಮ ತೂಕ ಇಟ್ಟು, ಒಂದು ಕಡೆಗೆ ಮಾತ್ರ ಸ್ವಲ್ಪಸ್ವಲ್ಪವೇ ಮರಳು ಸುರಿಯುತ್ತ ಹೋಗುವುದು. ಹಿಡಿ ಜರುಗುವ ಹೊತ್ತಿಗೆ ಎಷ್ಟು ಮರಳು ಬಿದ್ದಿದೆಯೋ ಅದರ ತೂಕವೇ ಆ ಎರಡು ರಬ್ಬರ್‌ಗಳ ತಡೆ.