ನಾಲ್ಕನೇ ನಡೆಯ ಬಿಟ್ಟಿ ಕಾಲಾಳು

ಚೆಸ್ ಕಲಿಯಲು ಕೂತವರಿಗೆ ಮೊದಲು ಹೇಳಿಕೊಡುವುದು ಇಷ್ಟು: ನಡುವಿನ ಮನೆಗಳನ್ನು ಹಿಡಿಯಬೇಕು, ಕುದುರೆ ಒಂಟೆಗಳನ್ನು ಬೇಗ ಹೊರತೆಗೆಯಬೇಕು, ಕ್ಯಾಸಲಿಂಗ್ ಮಾಡಿ ರಾಜನನ್ನು ಭದ್ರಪಡಿಸಬೇಕು. ಒಮ್ಮೆ ನಡೆಸಿದ ಕಾಯಿಯನ್ನು ತಕ್ಕ ಕಾರಣವಿಲ್ಲದೆ ಮತ್ತೆ ನಡೆಸಬಾರದು ಎಂಬುದೂ ಇದೇ ಪಾಠದ ಭಾಗ. ಆದರೆ ಎದುರಾಳಿಯ ಕಾಲಾಳೊಂದು ಕಾವಲಿಲ್ಲದೆ ನಿಂತದ್ದು ಕಂಡರೆ ಹೊಸಬರಿಗೆ ಈ ಕೊನೆಯ ಮಾತು ಮರೆತೇಹೋಗುತ್ತದೆ.

ಮಣೆಯ ಮೇಲೆ ಒಮ್ಮೆ ಆಡಿ ನೋಡಬಹುದು. ಎರಡೂ ಕಡೆಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕುತ್ತಾರೆ: ಬಿಳಿ e4, ಕಪ್ಪು e5. ಬಿಳಿಯ ಕುದುರೆ f3ಗೆ, ಕಪ್ಪಿನ ಕುದುರೆ c6ಗೆ. ಬಿಳಿಯ ಒಂಟೆ c4ಗೆ ಬಂತು. ಈಗ ಕಪ್ಪು ತನ್ನ ಅದೇ ಕುದುರೆಯನ್ನು d4ಗೆ ಹಾರಿಸುತ್ತದೆ. e5 ಕಾಲಾಳನ್ನು ಕಾಯುತ್ತಿದ್ದದ್ದು ಆ ಕುದುರೆಯೇ. ಕಾವಲು ತಪ್ಪಿತು, ಬಿಳಿಯ ಕುದುರೆ ಕಾಲಾಳನ್ನು ಹೊಡೆಯಿತು.

ಆಗ ಕಪ್ಪಿನ ಮಂತ್ರಿ g5ಗೆ ಇಳಿಯುತ್ತದೆ. ಅಡ್ಡಸಾಲಿನಲ್ಲಿ e5ರ ಕುದುರೆ, ನೇರ ಕೆಳಗೆ g2ರ ಕಾಲಾಳು, ಎರಡೂ ಅದರ ಬಾಯಿಗೆ. ಕುದುರೆ g4ಗೆ ಬಂದು ದಾರಿಗೆ ಅಡ್ಡ ನಿಂತರೆ, ಕಪ್ಪು d5 ಆಡಿ ಬಿಳಿ ಒಂಟೆಯ ಮೇಲೆ ಬೀಳುತ್ತದೆ; ಅದೇ ನಡೆಯಿಂದ ಕಪ್ಪು ಒಂಟೆಗೂ ದಾರಿ ತೆರೆದು g4ರ ಕುದುರೆ ಸಿಕ್ಕಿಬೀಳುತ್ತದೆ. ಒಂಟೆಯೋ ಕುದುರೆಯೋ, ಒಂದು ಹೋಗಲೇಬೇಕು.

ಬಹಳ ಜನ ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. f7ರ ಕಾಲಾಳನ್ನು ಕುದುರೆಯಿಂದ ಹೊಡೆದರೆ ಮಂತ್ರಿ, ಆನೆ ಎರಡಕ್ಕೂ ಒಟ್ಟಿಗೇ ಕುತ್ತು ಎಂಬ ಲೆಕ್ಕ. ಕಪ್ಪಿನ ಮಂತ್ರಿ ಆನೆಯ ಆಸೆ ಬಿಟ್ಟು g2 ಹೊಡೆಯುತ್ತದೆ. ಬಿಳಿ ತನ್ನ ಆನೆಯನ್ನು f1ಗೆ ಸರಿಸುತ್ತದೆ. ಮಂತ್ರಿ e4 ಹೊಡೆದು ಚೆಕ್ ಕೊಡುತ್ತದೆ. ಬಿಳಿಯ ಒಂಟೆ e2ಗೆ ಬಂದು ಅಡ್ಡ ನಿಲ್ಲುತ್ತದೆ. ಕಪ್ಪಿನ ಕುದುರೆ f3ಗೆ ಹಾರಿದರೆ ಮುಗಿಯಿತು, ಚೆಕ್‌ಮೇಟ್. ಒಂಟೆ ಆ ಕುದುರೆಯನ್ನು ಹೊಡೆಯುವಂತಿಲ್ಲ, ಅಲುಗಿದರೆ ರಾಜ ಮಂತ್ರಿಯ ಎದುರಿಗೆ ಬಯಲಾಗುತ್ತಾನೆ. ರಾಜನ ಸುತ್ತಲಿನ ಮನೆಗಳಲ್ಲೆಲ್ಲ ಅವನದೇ ಕಾಯಿಗಳು. ಒಟ್ಟು ಏಳು ನಡೆ.

ಈ ಬಲೆಗೆ ಇಂಗ್ಲೆಂಡಿನ ಆಟಗಾರ ಜೋಸೆಫ್ ಹೆನ್ರಿ ಬ್ಲ್ಯಾಕ್‌ಬರ್ನ್ ಹೆಸರಿದೆ; ಹೊಸಬರಿಂದ ಇದರಲ್ಲೇ ಶಿಲ್ಲಿಂಗ್ ಗೆಲ್ಲುತ್ತಿದ್ದರು ಎಂಬ ಕಥೆಯೂ ಇದೆ.

ನಿಜಕ್ಕೂ ಮೊದಲು ತಪ್ಪಿದ್ದು ಕಪ್ಪು. ಒಂದೇ ಕುದುರೆಯನ್ನು ಎರಡು ಸಲ ನಡೆಸಿ ಸಮಯ ಕಳೆದದ್ದು ಅದೇ. ಬಿಳಿ ಕಾಲಾಳಿನ ಕಡೆ ನೋಡದೆ d4ರ ಕುದುರೆಯನ್ನು ತನ್ನ ಕುದುರೆಯಿಂದ ಹೊಡೆದರೆ ಸಾಕು. ಕಪ್ಪು ಕಾಲಾಳಿನಿಂದ ಮರಳಿ ಹೊಡೆಯುತ್ತದೆ, ಬಿಳಿ ಕ್ಯಾಸಲಿಂಗ್ ಮಾಡುತ್ತದೆ. ಆಗ ಬಿಳಿಯ ರಾಜ ಭದ್ರ, ಒಂಟೆ ಕೆಲಸಕ್ಕೆ ಇಳಿದಾಗಿದೆ. ಕಪ್ಪಿನ ಕಡೆ ಕಾಲಾಳುಗಳ ಹೊರತು ಒಂದು ಕಾಯಿಯೂ ಮನೆ ಬಿಟ್ಟು ಕದಲಿರುವುದಿಲ್ಲ.